ವಿಷಯ: ಅಡಿಕೆ ಸುಲಿಯುವ ಯಂತ್ರದ ವಿಡಿಯೊ – ವರದಿಯಲ್ಲಿನ ವೀಕ್ಷಣೆ ಮತ್ತು ಸ್ಥಳದ ಅಂಕಿಗಳ ಕುರಿತು

ಶಿರಸಿ
19 ನವೆಂಬರ್ 2025

ಮಾನ್ಯರೇ,

ನಮಸ್ಕಾರ. ನಿಮ್ಮ ಯಂತ್ರದ ಬಗ್ಗೆ ನನ್ನ ಯೂಟ್ಯೂಬ್ ಚಾನೆಲ್‌ನಲ್ಲಿ ಹಾಕಿದ ವಿಡಿಯೊದ ವರದಿ ಕುರಿತು ನೀವು ನಿನ್ನೆ ಕೇಳಿದ ಪ್ರಶ್ನೆಗಳಿಗೆ ಫೋನಿನಲ್ಲಿ ಅರ್ಧಂಬರ್ಧ ಉತ್ತರಿಸುವ ಬದಲು ಬರೆದೇ ತಿಳಿಸುತ್ತಿದ್ದೇನೆ. ನಿಮ್ಮ ಲೆಕ್ಕಪತ್ರ ವಿಭಾಗಕ್ಕೂ ಈ ಪತ್ರವನ್ನೇ ಕೊಡಬಹುದು.

ವಿಡಿಯೊದ ಪುಟದಲ್ಲಿ ನಿಮಗೆ ಕಂಡ ವೀಕ್ಷಣೆ 1,13,900. ನನ್ನ ವರದಿಯಲ್ಲಿರುವುದು 1,08,460. ಎರಡೂ ಸರಿ. ಪುಟದ ಅಂಕಿ ನೀವು ನೋಡಿದ ಕ್ಷಣದವರೆಗಿನದು. ವರದಿ ನಮ್ಮ ಒಪ್ಪಂದದ 28 ದಿನಗಳಿಗೆ, ಅಂದರೆ ಅಕ್ಟೋಬರ್ 17ರಿಂದ ನವೆಂಬರ್ 13ರವರೆಗೆ ಮಾತ್ರ ಸೀಮಿತ. ಚಾನೆಲ್ ಮಾಲೀಕರಿಗೆ ಅಂಕಿಗಳನ್ನು ತೋರಿಸುವ ಯೂಟ್ಯೂಬ್ ಸ್ಟುಡಿಯೊ ದಿನಗಳನ್ನು ಅಮೆರಿಕದ ಪೆಸಿಫಿಕ್ ಸಮಯದಂತೆ ಎಣಿಸುತ್ತದೆ. ಆದ್ದರಿಂದ ಅವಧಿ ಮುಗಿದದ್ದು ನಮ್ಮ ಗಡಿಯಾರದಲ್ಲಿ 14ರ ಮಧ್ಯಾಹ್ನ ಒಂದೂವರೆಗೆ. ಆಮೇಲೆ ಬಂದ ವೀಕ್ಷಣೆಗಳು ವರದಿಯಲ್ಲಿಲ್ಲ. ಅವಧಿ ಮುಗಿದ ಕೂಡಲೇ ವರದಿ ಕಳುಹಿಸದೆ ನಾಲ್ಕು ದಿನ ಕಾದದ್ದಕ್ಕೂ ಕಾರಣವಿದೆ. ಮೊದಲು ಕಾಣುವ ಅಂಕಿ ಅಂದಾಜಿನದು. ಕೃತಕ ವೀಕ್ಷಣೆಗಳನ್ನು ಯೂಟ್ಯೂಬ್ ಸೋಸಿ ತೆಗೆದ ಮೇಲಷ್ಟೇ ಅದು ನೆಲೆಗೊಳ್ಳುತ್ತದೆ.

ಈ 1,08,460ರಲ್ಲಿ 21,300 ವೀಕ್ಷಣೆಗಳು ನೀವೇ ಹಣ ಕೊಟ್ಟು ನಡೆಸಿದ ಜಾಹೀರಾತಿನಿಂದ ಬಂದವು. ಅವನ್ನು ನನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವುದು ನ್ಯಾಯವಲ್ಲ. ಉಳಿದ 87,160 ಚಾನೆಲ್ ತಾನಾಗಿ ತಂದದ್ದು. ಒಪ್ಪಂದದ ಗುರಿ 80,000 ಇತ್ತು. ದಯವಿಟ್ಟು ಬಿಲ್ ಅನ್ನು 87,160ರ ಎದುರಿಗೇ ಪರಿಶೀಲಿಸಿ.

ಶಾರ್ಟ್ಸ್ ತುಣುಕಿಗೆ ಪುಟದಲ್ಲಿ 2,36,800 ಎಂದಿದ್ದರೂ ನಾನು 92,400 ಎಂದು ಬರೆದದ್ದು ನಿಮಗೆ ವಿಚಿತ್ರ ಎನಿಸಿದೆ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಎಣಿಕೆ ಬದಲಾಗಿದೆ. ತುಣುಕು ಓಡಲು ತೊಡಗಿದರೆ ಸಾಕು, ಮತ್ತೆ ಮೊದಲಿನಿಂದ ಓಡಿದರೂ ಸಾಕು, ಒಂದು ವೀಕ್ಷಣೆ ಸೇರುತ್ತದೆ. ಬೆರಳಿನಿಂದ ಸರಿಸಿ ಮುಂದೆ ಹೋದವರೂ ಅದರಲ್ಲಿದ್ದಾರೆ. ಹಳೆಯ ರೀತಿಯ ಎಣಿಕೆ ಸ್ಟುಡಿಯೊದಲ್ಲಿ Engaged views ಎಂಬ ಹೆಸರಿನಲ್ಲಿ ಉಳಿದಿದೆ. ನಾನು ಕೊಟ್ಟದ್ದು ಅದನ್ನು. ಯಂತ್ರ ಸಿಪ್ಪೆ ಬಿಡಿಸುವುದನ್ನು ಕಣ್ಣಿಟ್ಟು ನೋಡಿದವರ ಲೆಕ್ಕವೇ ನಿಮಗೆ ಬೇಕಾದದ್ದು ಎಂದು ನಂಬಿದ್ದೇನೆ.

ಇನ್ನು ಸ್ಥಳದ ವಿಷಯ. ಇದನ್ನು ತುಸು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ, ಏಕೆಂದರೆ ನಿಮ್ಮ ಮುಂದಿನ ಖರ್ಚು ಇದನ್ನೇ ಅವಲಂಬಿಸಿದೆ. ವೀಕ್ಷಣೆಗಳಲ್ಲಿ ಭಾರತದ ಪಾಲು ಶೇ 94.1. ಹೊರದೇಶಗಳಲ್ಲಿ ಯುಎಇ ಮುಂದಿದೆ, ಶೇ 1.9. ‘ಕರ್ನಾಟಕ ಎಷ್ಟು?’ ಎಂದು ನೀವು ಕೇಳಿದ್ದೀರಿ. ಭಾರತದ ರಾಜ್ಯವಾರು ಅಂಕಿಯನ್ನು ಸ್ಟುಡಿಯೊ ಕೊಡುವುದಿಲ್ಲ. ದೇಶ ಸಿಗುತ್ತದೆ, ನಗರ ಸಿಗುತ್ತದೆ. ನಗರಗಳಲ್ಲಿ ಬೆಂಗಳೂರು ಶೇ 31.4, ಮಂಗಳೂರು 6.2, ಶಿವಮೊಗ್ಗ 4.8, ದಾವಣಗೆರೆ 3.1, ಹುಬ್ಬಳ್ಳಿ 2.9. ಇವೆಲ್ಲ ಕೂಡಿದರೂ ಶೇ 48.4 ಮಾತ್ರ. ಉಳಿದದ್ದು ಸಣ್ಣ ಊರುಗಳಿಗೆ ಹಂಚಿಹೋಗಿದೆ ಅಥವಾ ಯಾವ ನಗರಕ್ಕೂ ಸೇರದೆ ನಿಂತಿದೆ. ಇವನ್ನು ಕೂಡಿಸಿ ‘ಕರ್ನಾಟಕ ಇಷ್ಟು’ ಎಂದು ಬರೆದುಕೊಡಲು ನನ್ನಿಂದಾಗದು.

ಬೆಂಗಳೂರಿನ ಅಂಕಿ ನೋಡಿ ‘ಅಲ್ಲಿ ಅಡಿಕೆ ಎಲ್ಲಿ ಬೆಳೆಯುತ್ತಾರೆ’ ಎಂದಿರಿ. ಯೂಟ್ಯೂಬ್ ಸ್ಥಳವನ್ನು ಊಹಿಸುವುದು ಮುಖ್ಯವಾಗಿ ಐಪಿ ವಿಳಾಸದಿಂದ, ಅಂದರೆ ಅಂತರ್ಜಾಲ ಸಂಪರ್ಕದ ಗುರುತಿನ ಸಂಖ್ಯೆಯಿಂದ. ಮೊಬೈಲ್ ಡೇಟಾದ ಐಪಿ ವಿಳಾಸ ಬಳಕೆದಾರ ಕುಳಿತ ಊರನ್ನು ತೋರದೆ, ಕಂಪನಿಯ ಜಾಲ ಹೊರಗೆ ತೆರೆದುಕೊಳ್ಳುವ ದೊಡ್ಡ ನಗರವನ್ನು ತೋರುವುದುಂಟು. ಸಿದ್ದಾಪುರದ ತೋಟದಲ್ಲಿ ನೋಡಿದವರು ಬೆಂಗಳೂರಿನ ಪಟ್ಟಿಗೆ ಸೇರಿರಬಹುದು. ಊರಲ್ಲಿ ತೋಟ, ಬೆಂಗಳೂರಲ್ಲಿ ನೌಕರಿ ಇರುವವರೂ ಕಡಿಮೆಯಿಲ್ಲ; ಅಪ್ಪನಿಗೆ ಯಂತ್ರ ಕೊಡಿಸುವ ಮಾತು ಎಷ್ಟೋ ಮನೆಗಳಲ್ಲಿ ಅವರಿಂದಲೇ ಬರುತ್ತದೆ. ಆದರೆ ಆ ಶೇ 31.4ರಲ್ಲಿ ಇಂಥವರು ಎಷ್ಟು ಎಂಬುದನ್ನು ಯಾವ ವರದಿಯೂ ಹೇಳಲಾರದು. ಹಾಗೆಯೇ ಕಾಸರಗೋಡಿನ ಕನ್ನಡ ಬೆಳೆಗಾರರು ರಾಜ್ಯದ ಲೆಕ್ಕ ಇದ್ದಿದ್ದರೂ ಕೇರಳದಲ್ಲಿ ಕಾಣುತ್ತಿದ್ದರು. ಅವರು ನಿಮ್ಮ ಗ್ರಾಹಕರಲ್ಲವೇ?

ಆದ್ದರಿಂದ ಯಾವ ಊರಿನಲ್ಲಿ ಡೀಲರ್ ಬೇಕು ಎಂಬುದನ್ನು ಈ ನಗರಪಟ್ಟಿಯ ಮೇಲೆ ನಿರ್ಧರಿಸಬೇಡಿ. ವಿಡಿಯೊದಲ್ಲಿ ಕೊಟ್ಟ ಸಂಖ್ಯೆಗೆ ಕರೆ ಮಾಡಿದವರ ತಾಲ್ಲೂಕನ್ನು ನಿಮ್ಮ ಸಿಬ್ಬಂದಿ ಬರೆದುಕೊಂಡಿದ್ದರೆ ಅದೇ ಹೆಚ್ಚು ನಂಬಲರ್ಹ. ಇಲ್ಲವಾದರೆ ಈ ಅಡಿಕೆ ಸುಲಿಯುವ ಹಂಗಾಮಿನಲ್ಲಿ ಇಂದಿನಿಂದಲೇ ಬರೆದುಕೊಳ್ಳಲಿ.

ನನ್ನ ಸ್ಕ್ರೀನ್‌ಶಾಟ್‌ಗಳನ್ನೇ ನಂಬಬೇಕೆಂದು ನಾನು ಹೇಳುವುದಿಲ್ಲ. ನಿಮ್ಮ ಕಚೇರಿಯ ಒಂದು ಇಮೇಲ್ ವಿಳಾಸ ಕಳುಹಿಸಿ. ಆದಾಯದ ವಿವರ ಕಾಣದಂತೆ, ಉಳಿದದ್ದನ್ನು ನೋಡಲಷ್ಟೇ ಬರುವಂತೆ ಸ್ಟುಡಿಯೊದ ಅನುಮತಿ ಕೊಡುತ್ತೇನೆ. ಡಿಸೆಂಬರ್ 5ರವರೆಗೆ ಅದು ತೆರೆದಿರುತ್ತದೆ. ದಿನಾಂಕವನ್ನು ಅಕ್ಟೋಬರ್ 17ರಿಂದ ನವೆಂಬರ್ 13ಕ್ಕೆ ಹೊಂದಿಸಿದರೆ ವೀಕ್ಷಣೆ, ಅವುಗಳ ಮೂಲ, ನಗರಗಳ ಪಟ್ಟಿ ಎಲ್ಲವೂ ನೇರವಾಗಿ ಕಾಣುತ್ತವೆ.

ವಂದನೆಗಳೊಂದಿಗೆ,
ಚಾನೆಲ್ ಮಾಲೀಕ