ನನ್ನ ಪರಿಚಯ, ಹೆಚ್ಚಾಗಿ ಬೇರೆಯವರ ಮಾತಿನಲ್ಲಿ

ನಾನು ಕೀ ಕೊಡುವ ಗಡಿಯಾರಗಳನ್ನು ರಿಪೇರಿ ಮಾಡುತ್ತೇನೆ. ಗೋಡೆ ಗಡಿಯಾರ, ಮೇಜಿನ ಗಡಿಯಾರ, ಕೈಗಡಿಯಾರ. ಈ ಕೆಲಸಕ್ಕೆ ಕೂತು 22 ವರ್ಷ ಆಯಿತು. ಮೊದಲ ಆರು ವರ್ಷ ಸೋದರಮಾವನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಿದ್ದೆ, ಆಮೇಲೆ ನನ್ನದೇ ಮೇಜು. ಬ್ಯಾಟರಿ ಗಡಿಯಾರ ಮುಟ್ಟುವುದಿಲ್ಲ. ಅದು ಕಡಿಮೆ ಅಂತಲ್ಲ, ಅದಕ್ಕೆ ಬೇರೆ ಸಾಮಾನು ಬೇಕು, ಬೇರೆ ಕೈ ಬೇಕು.

ಇಷ್ಟು ಬರೆದು ಎರಡು ದಿನ ಸುಮ್ನೆ ಕೂತಿದ್ದೆ. ಮುಂದೆ ಏನು ಬರೆದರೂ ನನ್ನ ಬೆನ್ನು ನಾನೇ ತಟ್ಟಿಕೊಂಡ ಹಾಗೆ ಕಾಣುತ್ತಿತ್ತು. ‘ನುರಿತ’ ಅಂತ ಬರೆದೆ, ಹೊಡೆದು ಹಾಕಿದೆ. ‘ನಂಬಿಕಸ್ಥ’ ಅಂತ ಬರೆದೆ, ಅದನ್ನೂ ಹೊಡೆದು ಹಾಕಿದೆ. ಮಗಳು ನೋಡಿ ನಕ್ಕಳು. “ಡ್ರಾಯರ್‌ನಲ್ಲಿ ಅಷ್ಟೊಂದು ಕಾಗದ ಇಟ್ಟಿದ್ದೀಯಲ್ಲ, ಅದನ್ನೇ ಹಾಕಪ್ಪ. ಮಧ್ಯೆ ಮಧ್ಯೆ ನೀನು ಮಾತಾಡು ಸಾಕು” ಅಂದಳು. ಸರಿ, ಹಾಗೇ ಮಾಡಿದ್ದೇನೆ. ಬರೆದವರನ್ನೆಲ್ಲ ಕೇಳಿಯೇ ಹಾಕಿದ್ದು. ಹೆಸರು ಮಾತ್ರ ಬಿಟ್ಟಿದ್ದೇನೆ.

ಮೊದಲನೆಯದು ಒಬ್ಬ ನಿವೃತ್ತ ಶಿಕ್ಷಕಿಯದು:

“ನಮ್ಮ ಗೋಡೆ ಗಡಿಯಾರ ನಿಂತುಹೋಗುತ್ತಿತ್ತು. ಇವರು ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ‘ಯಾವ ಹೊತ್ತಿಗೆ ನಿಲ್ಲುತ್ತದೆ, ಮೇಡಂ?’ ಅಂತ ಕೇಳಿದರು. ನಾನು ಗಮನಿಸಿಯೇ ಇರಲಿಲ್ಲ. ‘ಒಂದು ವಾರ ನೋಡಿ ಬನ್ನಿ’ ಅಂತ ವಾಪಸ್ ಕಳಿಸಿದರು. ಸಿಟ್ಟು ಬಂತು. ಆದರೆ ನೋಡಿದೆ. ಪ್ರತಿ ಸಲವೂ ಗಂಟೆ ಹೊಡೆಯಲು ಐದಾರು ನಿಮಿಷ ಇರುವಾಗಲೇ ನಿಲ್ಲುತ್ತಿತ್ತು. ಹೋಗಿ ಹೇಳಿದರೆ, ಗಡಿಯಾರ ಬಿಚ್ಚದೆಯೇ ಎಲ್ಲಿ ತೊಂದರೆ ಅಂತ ಕಾಗದದ ಮೇಲೆ ಗೀಚಿ ತೋರಿಸಿದರು. ಬಿಚ್ಚಿದಾಗ ಅದೇ ಇತ್ತು.”

ಕೇಳಲು ಮಾಟದ ಹಾಗಿದೆ, ಆದರೆ ಇದರಲ್ಲಿ ಜಾಣತನ ಗಡಿಯಾರದ್ದೇ. ಗಂಟೆ ಹೊಡೆಯುವ ಗಡಿಯಾರದಲ್ಲಿ ಸಾಮಾನ್ಯವಾಗಿ ಎರಡು ಸ್ಪ್ರಿಂಗ್ ಇರುತ್ತವೆ. ಒಂದು ಮುಳ್ಳು ತಿರುಗಿಸಲು, ಇನ್ನೊಂದು ಗಂಟೆ ಬಾರಿಸಲು. ಗಂಟೆಗೆ ಕೆಲವು ನಿಮಿಷ ಮೊದಲು ಮುಳ್ಳಿನ ಕಡೆಯ ಚಕ್ರಗಳು ಗಂಟೆಯ ಕಡೆಯ ಸನ್ನೆಕೋಲೊಂದನ್ನು ಮೇಲಕ್ಕೆ ಎತ್ತಬೇಕು. ಅವುಗಳಿಗೆ ಜಾಸ್ತಿ ಭಾರ ಬೀಳುವುದು ಆಗಲೇ. ಎಣ್ಣೆ ಒಣಗಿ ಅಂಟಾಗಿದ್ದರೆ, ಚಕ್ರದ ಅಚ್ಚು ಕೂರುವ ತೂತು ಸವೆದಿದ್ದರೆ, ಸೋಲುವುದೂ ಅಲ್ಲೇ. ಎರಡು ಮುಳ್ಳು ಒಂದರ ಮೇಲೊಂದು ಬರುವ ಹೊತ್ತಿಗೇ ನಿಂತರೆ ಕಥೆ ಬೇರೆ. ಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆ ಅಂತ ಲೆಕ್ಕ. ಅದಕ್ಕೆ ಗಡಿಯಾರ ಬಿಚ್ಚುವುದೇ ಬೇಡ, ಮುಳ್ಳನ್ನು ಒಂದು ಕೂದಲೆಳೆ ಬಗ್ಗಿಸಿದರೆ ಮುಗಿಯಿತು. ಒಂದು ವಾರ ವಾಪಸ್ ಕಳಿಸಿದ್ದು ಇದಕ್ಕೇ. ಮೇಡಂಗೆ ಸಿಟ್ಟು ಬಂದಿದ್ದು ನನಗೆ ಈ ಕಾಗದ ಓದಿದ ಮೇಲೇ ಗೊತ್ತಾಗಿದ್ದು.

ಎರಡನೆಯದು ನನಗೆ ತುಂಬಾ ಇಷ್ಟವಾದ ಕಾಗದ, ಸ್ವಲ್ಪ ನಾಚಿಕೆಯನ್ನೂ ತರುವ ಕಾಗದ. ಬರೆದವರು ಒಬ್ಬ ವಕೀಲರು:

“ರಿಪೇರಿ ಆದ ಗಡಿಯಾರ ಅಂಗಡಿಯಲ್ಲಿ ಓಡುತ್ತಿತ್ತು, ಮನೆಗೆ ತಂದರೆ ಒಂದು ಗಂಟೆಯಲ್ಲಿ ನಿಲ್ಲುತ್ತಿತ್ತು. ಎರಡು ಸಲ ಹಿಂದಕ್ಕೆ ಒಯ್ದೆ. ಮೂರನೇ ಸಲ ಇವರೇ ಮನೆಗೆ ಬಂದರು. ಗಡಿಯಾರದ ಮುಂದೆ ಕಣ್ಣು ಮುಚ್ಚಿ ನಿಂತರು. ಕೆಳಭಾಗವನ್ನು ಬೆರಳಿನಷ್ಟು ಎಡಕ್ಕೆ ಸರಿಸಿದರು, ಮತ್ತೆ ಕಿವಿಗೊಟ್ಟರು, ಇನ್ನೊಂಚೂರು ಸರಿಸಿದರು. ಅಷ್ಟೇ. ಆಮೇಲೆ ಅದು ನಿಂತಿಲ್ಲ. ಎಷ್ಟು ಕೊಡಬೇಕು ಅಂದರೆ ‘ನಾನೇನು ಮಾಡಿದೆ?’ ಅಂದರು.”

ನಡೆದಿದ್ದು ಇಷ್ಟು. ಲೋಲಕದ ಗಡಿಯಾರ ಓಡಲು ಟಿಕ್‌ಗೂ ಟಾಕ್‌ಗೂ ನಡುವಿನ ಹೊತ್ತು ಸಮವಾಗಿರಬೇಕು. ಗಡಿಯಾರ ಓರೆಯಾಗಿ ನೇತಾಡಿದರೆ ಟಿಕ್-ಟಾಕ್, ಟಿಕ್-ಟಾಕ್ ಅಂತ ಕುಂಟುತ್ತದೆ. ಕುಂಟುತ್ತಾ ಕುಂಟುತ್ತಾ ನಿಲ್ಲುತ್ತದೆ. ಕಣ್ಣಿಗಿಂತ ಕಿವಿಗೆ ಇದು ಬೇಗ ಗೊತ್ತಾಗುತ್ತದೆ, ಅದಕ್ಕೇ ಕಣ್ಣು ಮುಚ್ಚಿದ್ದು. ಆದರೆ ಇದನ್ನು ನಾನು ಮೊದಲ ಸಲ ಗಡಿಯಾರ ಕೊಡುವಾಗಲೇ ಹೇಳಬೇಕಿತ್ತು. ಹೇಳದೆ ಅವರನ್ನು ಎರಡು ಸಲ ಓಡಾಡಿಸಿದೆ. ದುಡ್ಡು ತೆಗೆದುಕೊಳ್ಳಲಿಲ್ಲ ಅಂತ ಅವರು ದೊಡ್ಡ ಮನಸ್ಸಿನಿಂದ ಬರೆದಿದ್ದಾರೆ. ತಪ್ಪು ನನ್ನದಾಗಿದ್ದಾಗ ಯಾವ ಮುಖ ಇಟ್ಟುಕೊಂಡು ಕೇಳಲಿ? ಈಗ ಪ್ರತಿ ಗೋಡೆ ಗಡಿಯಾರದ ಜೊತೆ ಒಂದು ಚೀಟಿ ಕೊಡುತ್ತೇನೆ: ಎಲ್ಲಿ ತೂಗುಹಾಕಬೇಕು, ಹೇಗೆ ಕೇಳಬೇಕು, ಹಿಂದೆ ಹೋದರೆ ಲೋಲಕದ ಗುಂಡನ್ನು ಮೇಲಕ್ಕೆ ಎತ್ತಬೇಕು, ಮುಂದೆ ಹೋದರೆ ಕೆಳಕ್ಕೆ ಇಳಿಸಬೇಕು. ಕೈಬರಹದ ಚೀಟಿ, ಅಕ್ಷರ ಅಷ್ಟೇನೂ ಚೆನ್ನಾಗಿಲ್ಲ.

ಕೈಗಡಿಯಾರದ ಕಾಗದಗಳು ಚಿಕ್ಕವು. ಹಾಡುಗಳ ರೆಕಾರ್ಡಿಂಗ್ ಕೆಲಸ ಮಾಡುವ ಒಬ್ಬ ಹುಡುಗ ಬರೆದದ್ದು:

“ವಾಚ್ ಇದ್ದಕ್ಕಿದ್ದಂತೆ ದಿನಕ್ಕೆ ಹದಿನೈದು ನಿಮಿಷ ಮುಂದೆ ಓಡಲು ಶುರುವಾಯಿತು. ಒಂದು ಕಡೆ ಒಳಗಿನ ಎಲ್ಲಾ ಭಾಗ ಬದಲಾಯಿಸಬೇಕು ಅಂದಿದ್ದರು. ಇವರು ‘ರಾತ್ರಿ ವಾಚ್ ಎಲ್ಲಿ ಇಡ್ತೀಯಪ್ಪ?’ ಅಂತ ಕೇಳಿದರು. ಸ್ಪೀಕರ್ ಮೇಲೆ ಅಂದೆ. ನಕ್ಕು, ಒಂದು ಡಬ್ಬಿಯ ಮೇಲಿಟ್ಟು ತೆಗೆದುಕೊಟ್ಟರು. ಟೀ ಕುಡಿಯುವಷ್ಟು ಹೊತ್ತೂ ಆಗಲಿಲ್ಲ.”

ಸ್ಪೀಕರ್‌ನೊಳಗೆ ಅಯಸ್ಕಾಂತ ಇರುತ್ತದೆ. ವಾಚಿನ ಹೃದಯದಲ್ಲಿ ಕೂದಲಿನಷ್ಟು ತೆಳ್ಳಗಿನ ಸುರುಳಿ ಸ್ಪ್ರಿಂಗ್ ಇರುತ್ತದೆ. ಅದಕ್ಕೆ ಕಾಂತ ಹಿಡಿದರೆ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಸ್ಪ್ರಿಂಗ್ ಗಿಡ್ಡ ಆದ ಹಾಗೆ, ವಾಚ್ ಓಡೋಡಿ ಹೋಗುತ್ತದೆ. ಆ ಡಬ್ಬಿ ಕಾಂತ ತೆಗೆಯುವ ಸಣ್ಣ ಯಂತ್ರ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ, ಪ್ರಶ್ನೆ ಒಂದು ಕೇಳಿದೆ ಅಷ್ಟೇ. ಅಂದಹಾಗೆ, ಹಳೆಯ ಕೈಗಡಿಯಾರ ಹೆಚ್ಚಾಗಿ ಗಂಟೆಗೆ 18,000 ಸಲ ಮಿಡಿಯುತ್ತದೆ. ಒಂದು ಹಗಲು ಒಂದು ರಾತ್ರಿ ಸೇರಿದರೆ 4,32,000. ಅಷ್ಟು ದುಡಿಯುವ ಯಂತ್ರ ಇದ್ದಕ್ಕಿದ್ದಂತೆ ಹುಚ್ಚು ಹಿಡಿದವರ ಹಾಗೆ ಆಡಿದರೆ ಕಾರಣ ಹೆಚ್ಚಾಗಿ ಹೊರಗೆ ಇರುತ್ತದೆ.

ನಾನು ಒಲ್ಲೆ ಅಂದ ಕೆಲಸದ ಬಗ್ಗೆಯೂ ಒಂದು ಕಾಗದ ಇದೆ:

“ಅಪ್ಪ ತೀರಿಕೊಂಡ ಮೇಲೆ ಅವರ ವಾಚನ್ನು ಹೊಸದರ ಹಾಗೆ ಹೊಳೆಸಿ ಕೊಡಿ ಅಂತ ಕೇಳಿದೆ. ಇವರು ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು ‘ನೀವೇ ನೋಡಿ’ ಅಂದರು. ಗೆರೆಗಳೆಲ್ಲ ಒಂದೇ ಬದಿಯಲ್ಲಿದ್ದವು. ಅಪ್ಪ ಬರೆಯುವಾಗ ಎಡಗೈಯನ್ನು ಮೇಜಿಗೆ ಊರುತ್ತಿದ್ದರು. ‘ಇದನ್ನು ಉಜ್ಜಿದರೆ ವಾಪಸ್ ಬರಲ್ಲ. ಮನೆಗೆ ಹೋಗಿ ಯೋಚನೆ ಮಾಡಿ, ಆಮೇಲೂ ಬೇಕು ಅನ್ನಿಸಿದರೆ ಮಾಡಿಕೊಡೋಣ’ ಅಂದರು. ನಾನು ಮತ್ತೆ ಕೇಳಲಿಲ್ಲ. ಒಳಗೆ ಮಾತ್ರ ಸ್ವಚ್ಛ ಮಾಡಿ ಕೊಟ್ಟರು. ಈಗ ನಾನು ಕಟ್ಟಿಕೊಳ್ಳುತ್ತೇನೆ.”

ಇದಕ್ಕೆ ನಾನು ಏನೂ ಸೇರಿಸುವುದಿಲ್ಲ. ಬೇರೆ ಒಲ್ಲೆ ಒಂದಿದೆ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಳೆದ ಶತಮಾನದ ಮೊದಲ ಭಾಗದ ಕೆಲವು ವಾಚುಗಳಲ್ಲಿ ಕತ್ತಲಲ್ಲಿ ಹೊಳೆಯಲೆಂದು ಅಂಕಿಗಳಿಗೆ ರೇಡಿಯಂ ಸೇರಿಸಿದ ಬಣ್ಣ ಬಳಿಯುತ್ತಿದ್ದರು. ಹೊಳಪು ಯಾವತ್ತೋ ಸತ್ತಿರುತ್ತದೆ, ರೇಡಿಯಂ ಸತ್ತಿರುವುದಿಲ್ಲ. ಅದು ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕು. ಆ ಬಣ್ಣದ ಪುಡಿ ಉಸಿರಿಗೆ ಸೇರುವುದು ಒಳ್ಳೆಯದಲ್ಲ. ಅಂಥ ಡಯಲ್ ನಾನು ಬಿಚ್ಚುವುದಿಲ್ಲ, ದಯವಿಟ್ಟು ನೀವೂ ಬಿಚ್ಚಬೇಡಿ.

ಹೊಗಳಿಕೆಯನ್ನಷ್ಟೇ ಆರಿಸಿ ಹಾಕಿದರೆ ಅದು ಇನ್ನೊಂದು ಬಗೆಯ ಬೆನ್ನು ತಟ್ಟಿಕೊಳ್ಳುವಿಕೆ, ಅಲ್ವಾ? ಮಗಳು ಬೇಡ ಅಂದರೂ ಇದನ್ನು ಹಾಕುತ್ತಿದ್ದೇನೆ:

“ಮೂರು ವಾರ ಅಂದರು, ಮೂರು ತಿಂಗಳಾಯಿತು. ಪ್ರತಿ ಸಲ ಫೋನ್ ನಾವೇ ಮಾಡಬೇಕಾಯಿತು. ಗಡಿಯಾರ ಈಗ ಚೆನ್ನಾಗಿ ಓಡುತ್ತಿದೆ, ಅದರ ಬಗ್ಗೆ ಒಂದು ಮಾತಿಲ್ಲ. ಆದರೆ ಇವರಿಗೆ ಗಡಿಯಾರದ ಟೈಮ್ ಗೊತ್ತು, ಗಿರಾಕಿಯ ಟೈಮ್ ಗೊತ್ತಿಲ್ಲ.”

ಕೊನೆಯ ಸಾಲು ಓದಿ ಮೊದಲು ಮುಖ ಸಣ್ಣದಾಯಿತು, ಆಮೇಲೆ ನಗು ಬಂತು. ಆ ಗಡಿಯಾರದ ಒಂದು ಹಲ್ಲುಚಕ್ರದಲ್ಲಿ ಮೂರು ಹಲ್ಲು ಮುರಿದಿತ್ತು. ಬದಲಿ ಸಾಮಾನು ಸಿಗದೆ ಕೈಯಲ್ಲೇ ಹಿತ್ತಾಳೆ ತುಂಡು ಕೂರಿಸಿ, ಅರದಿಂದ ಉಜ್ಜಿ ಹಲ್ಲು ಮಾಡಬೇಕಾಯಿತು. ಮೊದಲ ಸಲ ಮಾಡಿದ್ದು ಸರಿ ಬರಲಿಲ್ಲ. ಕಾರಣ ಇತ್ತು, ಆದರೆ ಅದನ್ನು ಅವರಿಗೆ ಹೇಳಲಿಲ್ಲವಲ್ಲ. ಅದಾದ ಮೇಲೆ ಶನಿವಾರ ಸಂಜೆ ಒಂದು ಗಂಟೆ ಎತ್ತಿಟ್ಟಿದ್ದೇನೆ. ಮೇಜಿನ ಮೇಲೆ ಯಾರ ಗಡಿಯಾರ ಇದೆಯೋ ಅವರಿಗೆಲ್ಲ ಮೆಸೇಜ್ ಹೋಗುತ್ತದೆ. ‘ಈ ವಾರ ಮುಟ್ಟಲಿಲ್ಲ’ ಅಂತ ಇದ್ದರೂ ಹೋಗುತ್ತದೆ.

ಅದೇ ಗಿರಾಕಿ ಹೋದ ವರ್ಷ ಅಣ್ಣನ ಮನೆಯ ಗಡಿಯಾರವನ್ನೂ ತಂದರು. ಜೊತೆಗೆ ಹೊಸ ಕಾಗದ ಬರೆದುಕೊಡಿ ಅಂತ ನಾನು ಕೇಳಲಿಲ್ಲ. ಅವರೂ ಕೊಡಲಿಲ್ಲ.

ಈಗ ನಿಮ್ಮ ಗಡಿಯಾರದ ಮಾತು. ಸೋಮವಾರದಿಂದ ಶುಕ್ರವಾರ ಹತ್ತರಿಂದ ಐದರವರೆಗೆ ಅಂಗಡಿ ತೆರೆದಿರುತ್ತದೆ, ಶನಿವಾರ ಮಧ್ಯಾಹ್ನದವರೆಗೆ. ನೋಡಿ ಹೇಳುವುದಕ್ಕೆ ದುಡ್ಡಿಲ್ಲ. ಎಷ್ಟಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆ ಅಂತ ಬರೆದುಕೊಡುತ್ತೇನೆ, ನೀವು ಹೂಂ ಅಂದ ಮೇಲೇ ಬಿಚ್ಚುತ್ತೇನೆ. ಗೋಡೆ ಗಡಿಯಾರ ತರುವಾಗ ಲೋಲಕವನ್ನು ಕಳಚಿ ಬೇರೆ ಸುತ್ತಿ ತನ್ನಿ. ನೇತಾಡುತ್ತಾ ಬಂದರೆ ಅದನ್ನು ಹಿಡಿದಿರುವ ತೆಳು ಪಟ್ಟಿ ಮುರಿಯುತ್ತದೆ. ಕೀ ಮರೆಯಬೇಡಿ. ಮನೆಯಲ್ಲಿರುವ ಅಡುಗೆ ಎಣ್ಣೆ, ಹೊಲಿಗೆ ಯಂತ್ರದ ಎಣ್ಣೆ ಯಾವುದನ್ನೂ ಬಿಡಬೇಡಿ. ಈಗಾಗಲೇ ಬಿಟ್ಟಿದ್ದರೆ ಮುಚ್ಚಿಡದೆ ಹೇಳಿ, ನಾನು ಬೈಯುವುದಿಲ್ಲ, ತೊಳೆಯುವ ಕೆಲಸ ಒಂದು ದಿನ ಜಾಸ್ತಿ ಆಗುತ್ತದೆ ಅಷ್ಟೇ.

ಇನ್ನೊಂದು. ಬರುವ ಮೊದಲು, ಯಾವ ಹೊತ್ತಿಗೆ ನಿಲ್ಲುತ್ತದೆ ಅಂತ ಒಂದು ವಾರ ನೋಡಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ನಿಮ್ಮನ್ನೂ ವಾಪಸ್ ಕಳಿಸುತ್ತೇನೆ.