ಬಿಹಾರದ ಸೈಕಲ್ ಯೋಜನೆ ಕುರಿತ ಪ್ರಬಂಧದ ಸಾರಾಂಶ: ಉಪನಿರ್ದೇಶಕರ ಅವಗಾಹನೆಗೆ

ಮಾನ್ಯರೇ,

ನಾಳಿನ ಪರಿಶೀಲನಾ ಸಭೆಗಾಗಿ ತಾವು ಕೇಳಿದ ಸಾರಾಂಶ ಇದು. ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅವರ ಈ ಪ್ರಬಂಧ 2017ರಲ್ಲಿ ಅಮೆರಿಕದ ಅರ್ಥಶಾಸ್ತ್ರ ನಿಯತಕಾಲಿಕದಲ್ಲಿ ಪ್ರಕಟವಾಗಿದೆ.

ಮುಖ್ಯಾಂಶ: ಒಂಬತ್ತನೇ ತರಗತಿಗೆ ಸೇರಿದ ಹುಡುಗಿಯರಿಗೆ ಬಿಹಾರ ಸರ್ಕಾರ 2006ರಿಂದ ಸೈಕಲ್ ಕೊಳ್ಳಲು 2,000 ರೂಪಾಯಿ ನೀಡಿತು. ವಯಸ್ಸಿಗೆ ತಕ್ಕ ತರಗತಿಯಲ್ಲಿ ಹುಡುಗಿಯರ ದಾಖಲಾತಿ ಶೇ 32ರಷ್ಟು ಏರಿತು. ಹುಡುಗ-ಹುಡುಗಿಯರ ನಡುವಿನ ಅಂತರ ಶೇ 40ರಷ್ಟು ತಗ್ಗಿತು.

ಇದು ಸೈಕಲ್‌ನಿಂದಲೇ ಆಯಿತೆನ್ನಲು ಆಧಾರವೇನೆಂದು ಸಭೆಯಲ್ಲಿ ಯಾರಾದರೂ ಕೇಳುವುದು ಖಚಿತ. ಲೇಖಕರು ಬಿಹಾರದ ಹುಡುಗಿಯರನ್ನು ಅಲ್ಲಿನ ಹುಡುಗರೊಂದಿಗೂ ನೆರೆಯ ಜಾರ್ಖಂಡ್‌ನ ಮಕ್ಕಳೊಂದಿಗೂ ಹೋಲಿಸಿದ್ದಾರೆ. ಅದಕ್ಕಿಂತ ಗಟ್ಟಿಯಾದ ಸಾಕ್ಷ್ಯ ದೂರದ್ದು: ಏರಿಕೆ ಕಂಡದ್ದು ಬಹುಪಾಲು ಪ್ರೌಢಶಾಲೆಯಿಂದ ದೂರವಿದ್ದ ಹಳ್ಳಿಗಳಲ್ಲಿ. ಗುಂಪಾಗಿ ಸೈಕಲ್ ತುಳಿದು ಹೋಗುವುದರಿಂದ ಸುರಕ್ಷತೆ ಹೆಚ್ಚಿರಬಹುದು, ಹೆಣ್ಣುಮಕ್ಕಳು ಊರಾಚೆ ಹೋಗಬಾರದೆಂಬ ಕಟ್ಟುಪಾಡು ಸಡಿಲಗೊಂಡಿರಬಹುದು ಎಂಬುದು ಅವರ ಊಹೆ. ಊಹೆಯನ್ನು ಊಹೆಯೆಂದೇ ಉಲ್ಲೇಖಿಸುವುದು ಒಳಿತು.

ಪರೀಕ್ಷೆಯ ವಿಷಯದಲ್ಲಿ ಲಾಭ ಕಡಿಮೆ. ಹತ್ತನೇ ತರಗತಿ ಪರೀಕ್ಷೆಗೆ ಕುಳಿತ ಹುಡುಗಿಯರ ಸಂಖ್ಯೆ ಶೇ 18ರಷ್ಟು ಹೆಚ್ಚಿದರೆ, ತೇರ್ಗಡೆಯಾದವರ ಸಂಖ್ಯೆ ಶೇ 12ರಷ್ಟು ಮಾತ್ರ ಹೆಚ್ಚಿದೆ. ಸೈಕಲ್ ಶಾಲೆಯ ಬಾಗಿಲವರೆಗೆ ತಲುಪಿಸುತ್ತದೆ, ಪಾಠ ಮಾಡುವುದಿಲ್ಲ.

ನನ್ನ ಅಭಿಪ್ರಾಯ: ಈ ಅಂಕಿಗಳನ್ನು ನಮ್ಮ ಜಿಲ್ಲೆಗೆ ನೇರವಾಗಿ ಅನ್ವಯಿಸಲಾಗದು. ಕರ್ನಾಟಕದಲ್ಲಿ ಎಂಟನೇ ತರಗತಿಯ ಹುಡುಗರಿಗೂ ಸೈಕಲ್ ಕೊಟ್ಟಿದ್ದರಿಂದ ಅದೇ ಬಗೆಯ ಹೋಲಿಕೆ ಇಲ್ಲಿ ನಿಲ್ಲುವುದಿಲ್ಲ. ಪ್ರೌಢಶಾಲೆಯಿಂದ ಮೂರು ಕಿಲೋಮೀಟರ್‌ಗಿಂತ ದೂರವಿದ್ದು ಬಸ್ ಸೌಕರ್ಯವಿಲ್ಲದ ಹಳ್ಳಿಗಳ ಪಟ್ಟಿಯನ್ನು ಕ್ಷೇತ್ರ ಶಿಕ್ಷಣಾಧಿಕಾರಿಗಳಿಂದ ತರಿಸಿಕೊಳ್ಳಲು ಅನುಮತಿ ಕೋರುತ್ತೇನೆ. ಮೂಲ ಪ್ರಬಂಧವನ್ನು ಕಡತದಲ್ಲಿ ಇರಿಸಿದ್ದೇನೆ.

ಸಹಾಯಕ ಯೋಜನಾಧಿಕಾರಿ