ಶ್ರೀನಿವಾಸಪುರದ ಮಾವಿನ ತೋಟದ ಹೋಮ್‌ಸ್ಟೇ: ಮೊದಲ ವರ್ಷದ ಯೋಜನೆ

ಅಣ್ಣ, ಅತ್ತಿಗೆ, ಲೆಕ್ಕ ಹಾಕಿ ಬರೆದಿದ್ದೇನೆ. ಓದಿ, ತಪ್ಪಿದ್ದರೆ ಬೈಯಿರಿ.

ಸದ್ಯಕ್ಕೆ ಮೂರು ರೂಮು ಸಾಕು. ಒಮ್ಮೆಗೆ ಎಂಟು ಜನ, ಅದಕ್ಕಿಂತ ಜಾಸ್ತಿ ಬೇಡ. ಬೋರ್‌ವೆಲ್ ನೀರು ನೋಡಿಕೊಳ್ಳಬೇಕಲ್ವಾ?

ನಮ್ಮ ಕಾಸು ಇರುವುದು ಮೇ, ಜೂನ್‌ನಲ್ಲಿ. ಬಾದಾಮಿ, ಮಲ್ಲಿಕಾ ಹಣ್ಣಾಗುವಾಗ ಬೆಂಗಳೂರಿನವರು ಶನಿವಾರ, ಭಾನುವಾರ ಬಂದೇ ಬರುತ್ತಾರೆ. ಆಗ ರೂಮಿಗೆ 2,800 ರೂಪಾಯಿ, ಇಬ್ಬರಿಗೆ ಊಟ, ತಿಂಡಿ ಸೇರಿ. ವಾರದ ದಿನ 2,000. ಕಿತ್ತ ಹಣ್ಣಿಗೆ ಮನೆಗೊಯ್ಯುವಾಗ ತೂಕದ ಲೆಕ್ಕ, ತೋಟದಲ್ಲಿ ತಿಂದದ್ದು ಫ್ರೀ. ಮರ ಹತ್ತುವುದಂತೂ ಬೇಡ. ಉದ್ದ ಕೋಲಿಗೆ ಬಲೆ ಕಟ್ಟಿ ಕೊಡೋಣ. ಕಾಯಿಯ ಸೊನೆ ಮೈಗೆ ತಾಗಿದರೆ ಸುಡುತ್ತದೆ ಎಂದು ಮೊದಲೇ ಹೇಳಿಬಿಡಬೇಕು.

ಡಿಸೆಂಬರ್, ಜನವರಿ ಅವರೆಕಾಯಿ ಕಾಲ. 2,400 ಇಡೋಣ. ಸಂಜೆ ಅತ್ತಿಗೆ ಜಗಲಿಯಲ್ಲಿ ಕೂತು ಅವರೆಬೇಳೆ ಹಿತುಕುವಾಗ ಪಕ್ಕದಲ್ಲಿ ಎರಡು ಮಣೆ ಹಾಕಿ. ಬೇಳೆ ಪುಳಕ್ಕನೆ ಜಾರಿ ಬಟ್ಟಲಿಗೆ ಬಿದ್ದರೆ ಮಕ್ಕಳು ಮೊಬೈಲ್ ಮರೆಯುತ್ತಾರೆ. ರಾತ್ರಿಗೆ ಅದೇ ಬೇಳೆಯ ಸಾರು, ಬಿಸಿ ಮುದ್ದೆ.

ಹೂ ಬಿಟ್ಟಾಗ ಔಷಧಿ ಹೊಡೆಯುವ ವಾರ ಬುಕಿಂಗ್ ಬಂದ್. ಇದರಲ್ಲಿ ರಾಜಿ ಇಲ್ಲ.

ಮಳೆಗಾಲ ಸಪ್ಪೆ. 1,500ಕ್ಕೆ ಕೊಟ್ಟು, ಕುರುಡುಮಲೆ ಗಣಪತಿ, ಆವಣಿ ನೋಡಲು ಬರುವವರನ್ನು ಹಿಡಿಯೋಣ. ಆಟೋ ಬಾಡಿಗೆ ಅವರದೇ.

ಸುಮ್ನೆ ಈಜುಕೊಳದ ಆಸೆ ಬಿಡಣ್ಣ. ಆ ದುಡ್ಡಲ್ಲಿ ಬಚ್ಚಲಿಗೆ ಸೋಲಾರ್ ಹಾಕಿಸು.